ತಪ್ಪಿದ ಬಿಪಿ ಗುಳಿಗೆ ಮತ್ತು ಮರುದಿನದ ಎರಡು ಗುಳಿಗೆ: ನನ್ನ ಅನುಭವ

ಬಾಗಲಕೋಟೆ ಜಿಲ್ಲೆಯ ಬಾದಾಮಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಾನು ಸಮುದಾಯ ಆರೋಗ್ಯ ಅಧಿಕಾರಿಯಾಗಿದ್ದೇನೆ. ಬನಶಂಕರಿ ಜಾತ್ರೆ, ಮದುವೆ, ಜೋಳದ ರಾಶಿ ಇದ್ದ ದಿನಗಳಲ್ಲಿ ಬಿಪಿ ಗುಳಿಗೆ ತಪ್ಪಿಸಿಕೊಂಡವರು ನಮ್ಮ ಉಪಕೇಂದ್ರಕ್ಕೆ ಬರುತ್ತಲೇ ಇರುತ್ತಾರೆ. ಒಂದು ದಿನದ ಗುಳಿಗೆ ತಪ್ಪಿದ್ದರಿಂದ ಆದ ತೊಂದರೆಗಿಂತ, ಅದನ್ನು ಸರಿದೂಗಿಸಲು ಮರುದಿನ ಎರಡನ್ನು ಕೂಡಿಸಿ ನುಂಗಿದ್ದರಿಂದ ಆದ ತೊಂದರೆಯನ್ನೇ ನಾನು ಹೆಚ್ಚು ನೋಡಿದ್ದೇನೆ.

ಹೀಗೆ ಬಂದವರಲ್ಲಿ ಎಪ್ಪತ್ತರ ಆಸುಪಾಸಿನ ರೈತರೊಬ್ಬರಿದ್ದರು. ಜಾತ್ರೆಗೆ ಹೋದ ದಿನ ಬೆಳಗಿನ ಗುಳಿಗೆ ತಪ್ಪಿತ್ತು. ಮರುದಿನ ಎಂಟು ಗಂಟೆಗೆ ಎರಡನ್ನೂ ನುಂಗಿ, ಚಹಾ ಬಿಟ್ಟು ಬೇರೇನೂ ತೆಗೆದುಕೊಳ್ಳದೆ ಹೊಲಕ್ಕೆ ಹೋಗಿದ್ದರು. ಹನ್ನೊಂದರ ಸುಮಾರಿಗೆ ಮಗ ಅವರನ್ನು ಕೈ ಹಿಡಿದು ಕರೆತಂದ. "ನಿನ್ನೇದು ತಪ್ಪಿತ್ರಿ ಅಕ್ಕಾರ, ಅದಕ್ಕ ಇವತ್ತ ಎರಡೂ ಕೂಡಿಸಿ ತಗೊಂಡೀನಿ. ಎದ್ದು ನಿಂತ್ರ ಕಣ್ಣಿಗೆ ಕತ್ತಲಿ ಬರತೈತ್ರಿ" ಎಂದರು. ಒತ್ತಡ 96/60 ಇತ್ತು, ನಾಡಿ ನಿಮಿಷಕ್ಕೆ 46 ಮಾತ್ರ.

ಅವರ ಜೇಬಿನಲ್ಲಿದ್ದ ಗುಳಿಗೆಯ ಪಟ್ಟಿಯನ್ನು, ಅಂದರೆ ಸ್ಟ್ರಿಪ್ಪನ್ನು, ತಿರುಗಿಸಿ ಓದಿದಾಗ ಕಾರಣ ತಿಳಿಯಿತು. ಅದು ಆಮ್ಲೋಡಿಪಿನ್ 5 ಮಿ.ಗ್ರಾಂ ಮತ್ತು ಅಟೆನೊಲಾಲ್ 50 ಮಿ.ಗ್ರಾಂ ಎರಡೂ ಸೇರಿದ ಗುಳಿಗೆ. ಆಮ್ಲೋಡಿಪಿನ್ ರಕ್ತನಾಳಗಳನ್ನು ಸಡಿಲಿಸುತ್ತದೆ, ಅಟೆನೊಲಾಲ್ ಹೃದಯದ ಬಡಿತವನ್ನು ನಿಧಾನಗೊಳಿಸುತ್ತದೆ. ಕೈಗೆ ಒಂದೇ ಗುಳಿಗೆಯಾಗಿ ಕಾಣುವುದರಿಂದ, ಎರಡು ನುಂಗಿದರೆ ಎರಡೂ ಔಷಧ ಇಮ್ಮಡಿಯಾಗುತ್ತವೆ ಎಂಬುದು ಬಹಳ ಜನರಿಗೆ ಹೊಳೆಯುವುದಿಲ್ಲ. ಇಷ್ಟೇ ಪ್ರಮಾಣವನ್ನು ವೈದ್ಯರು ಕೆಲವರಿಗೆ ಬರೆದುಕೊಡುವುದುಂಟು; ಆದರೆ ನಾಡಿ, ಮೂತ್ರಪಿಂಡಗಳನ್ನು ಪರೀಕ್ಷಿಸಿ, ಹಂತಹಂತವಾಗಿ ಏರಿಸುತ್ತಾರೆ. ಅಟೆನೊಲಾಲ್ ಹೊರಹೋಗುವುದು ಮುಖ್ಯವಾಗಿ ಮೂತ್ರದ ಮೂಲಕ. ಆದ್ದರಿಂದ ವಯಸ್ಸಾದವರಲ್ಲಿ, ಮೂತ್ರಪಿಂಡ ಕುಗ್ಗಿದವರಲ್ಲಿ ಅದು ದೇಹದಲ್ಲೇ ಹೆಚ್ಚು ಹೊತ್ತು ಉಳಿಯುತ್ತದೆ.

ಅವರನ್ನು ಮಲಗಿಸಿ, ಕಾಲುಗಳನ್ನು ತುಸು ಎತ್ತರಕ್ಕಿಟ್ಟು, 108ಕ್ಕೆ ಕರೆ ಮಾಡಿದೆ. ಅರ್ಧ ಗಂಟೆಯಲ್ಲಿ ತಲೆಸುತ್ತು ಕಡಿಮೆಯಾದಾಗ ಮನೆಗೆ ಹೋಗುವುದಾಗಿ ಹಟ ಹಿಡಿದರು. ನಾನು ಒಪ್ಪಲಿಲ್ಲ. ಅಟೆನೊಲಾಲ್ ರಕ್ತದಲ್ಲಿ ಗರಿಷ್ಠ ಮಟ್ಟ ಮುಟ್ಟುವುದು ನುಂಗಿದ ಎರಡರಿಂದ ನಾಲ್ಕು ಗಂಟೆಯಲ್ಲಾದರೆ, ಆಮ್ಲೋಡಿಪಿನ್ ಆರರಿಂದ ಹನ್ನೆರಡು ಗಂಟೆ ತೆಗೆದುಕೊಳ್ಳುತ್ತದೆ. ಅಂದರೆ ಅದರ ಪೂರ್ಣ ಪ್ರಭಾವ ಇನ್ನೂ ಬರುವುದಿತ್ತು. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ಮಾಡಿ ರಾತ್ರಿಯಿಡೀ ನಿಗಾದಲ್ಲಿಟ್ಟರು. ಮರುದಿನ ನಾಡಿ 60 ದಾಟಿದ ಮೇಲೆಯೇ ವೈದ್ಯರು ಮುಂದಿನ ಗುಳಿಗೆಯ ಬಗ್ಗೆ ಹೇಳಿದರು.

ಆ ಎರಡನೆಯ ಗುಳಿಗೆಯಿಂದ ಅವರಿಗೆ ಲಾಭವೂ ಇರಲಿಲ್ಲ. ದಿನವೂ ತೆಗೆದುಕೊಳ್ಳುವವರಲ್ಲಿ ಆಮ್ಲೋಡಿಪಿನ್ ಅರ್ಧಕ್ಕಿಳಿಯಲು 30ರಿಂದ 50 ಗಂಟೆ ಬೇಕಾಗುವುದರಿಂದ, ಒಂದು ದಿನ ತಪ್ಪಿದರೂ ಅರ್ಧಕ್ಕಿಂತ ಹೆಚ್ಚು ಒಳಗೇ ಉಳಿದಿರುತ್ತದೆ. ಅಟೆನೊಲಾಲ್ ಬೇಗ ಇಳಿಯುತ್ತದೆ ನಿಜ, ಆದರೆ ನಿನ್ನೆ ಏರಿದ್ದ ಒತ್ತಡವನ್ನು ಇಂದಿನ ಹೆಚ್ಚುವರಿ ಗುಳಿಗೆ ಹಿಂದಕ್ಕೆ ಹೋಗಿ ಇಳಿಸಲಾರದು.

ದಿನಕ್ಕೊಂದು ಗುಳಿಗೆ ತೆಗೆದುಕೊಳ್ಳುವವರಿಗೆ ನಾನು ಹೇಳಿಕೊಡುವ ಕ್ರಮ ಹೀಗಿದೆ. ಬೆಳಗ್ಗೆ ಎಂಟರ ಗುಳಿಗೆ ಮರೆತದ್ದು ಮಧ್ಯಾಹ್ನವೋ ಸಂಜೆಯೋ ನೆನಪಾದರೆ ಆಗಲೇ ಒಂದನ್ನು ತೆಗೆದುಕೊಂಡು, ಮರುದಿನ ಎಂದಿನ ಹೊತ್ತಿಗೆ ಎಂದಿನಂತೆ ಒಂದನ್ನೇ ತೆಗೆದುಕೊಳ್ಳಬೇಕು. ರಾತ್ರಿ ಎಂಟು ದಾಟಿದ್ದರೆ, ಅಂದರೆ ಹನ್ನೆರಡು ಗಂಟೆ ಮೀರಿದ್ದರೆ, ಆ ದಿನದ್ದನ್ನು ಬಿಟ್ಟುಬಿಡಬೇಕು. ಮೂತ್ರ ಹೆಚ್ಚಿಸುವ ಕ್ಲೋರ್ಥಾಲಿಡೋನ್‌ನಂಥ ಗುಳಿಗೆಯಾದರೆ ಸಂಜೆಯಾದ ಮೇಲೆ ತೆಗೆದುಕೊಳ್ಳದಿರುವುದೇ ಮೇಲು. ರಾತ್ರಿ ಪದೇ ಪದೇ ಎದ್ದು ಕತ್ತಲಲ್ಲಿ ಬಿದ್ದ ಹಿರಿಯರನ್ನು ಕಂಡಿದ್ದೇನೆ. ತೆಗೆದುಕೊಂಡೆನೋ ಇಲ್ಲವೋ ಎಂಬ ಅನುಮಾನ ಬಂದರೆ ತೆಗೆದುಕೊಂಡಿದ್ದೇನೆ ಎಂದೇ ತಿಳಿದು ಸುಮ್ಮನಿರಬೇಕು. ಈ ಅನುಮಾನ ತಪ್ಪಿಸಲೆಂದೇ ನಾನು ಪಟ್ಟಿಯ ಹಿಂಬದಿಗೆ ಬಾಲ್‌ಪೆನ್ನಿನಿಂದ ವಾರಗಳ ಹೆಸರು ಬರೆದುಕೊಡುತ್ತೇನೆ.

ಗುಳಿಗೆ ತಪ್ಪಿದ ದಿನ ಒತ್ತಡ 160/100 ಬಂದರೆ ಗಾಬರಿಯಿಂದ ಇನ್ನೊಂದನ್ನು ನುಂಗುವವರಿದ್ದಾರೆ. ಐದು ನಿಮಿಷ ಕುಳಿತು ಮತ್ತೆ ಅಳೆಯಬೇಕು. ಬೇರೆ ಲಕ್ಷಣವಿಲ್ಲದಿದ್ದರೆ ಎಂದಿನ ಒಂದು ಗುಳಿಗೆ ಸಾಕು. ಎದೆನೋವು, ಉಸಿರಾಟದ ತೊಂದರೆ, ಮಾತು ತೊದಲುವುದು, ಒಂದು ಬದಿಯ ಕೈಕಾಲು ಸೋಲುವುದು ಕಂಡರೆ ಅಂಕಿ ಎಷ್ಟೇ ಇರಲಿ, ಗುಳಿಗೆ ಹುಡುಕುತ್ತ ಕೂರದೆ ಆಸ್ಪತ್ರೆಗೆ ಹೊರಡಬೇಕು. ವಾಂತಿಭೇದಿಯಾಗಿದ್ದರೆ, ಬಿಸಿಲಿಗೆ ಬಸವಳಿದಿದ್ದರೆ, ನಿರಾಹಾರ ಉಪವಾಸವಿದ್ದರೆ ಎರಡು ಗುಳಿಗೆ ಇನ್ನಷ್ಟು ಅಪಾಯ, ಏಕೆಂದರೆ ಮೈಯಲ್ಲಿ ನೀರು ಕಡಿಮೆಯಾಗಿ ಒತ್ತಡ ಮೊದಲೇ ಇಳಿದಿರುತ್ತದೆ.

ಈ ಕ್ರಮ ಒಂದು ದಿನ ತಪ್ಪಿದವರಿಗೆ ಮಾತ್ರ. ಅಟೆನೊಲಾಲ್, ಮೆಟೊಪ್ರೊಲಾಲ್ ಅಥವಾ ಕ್ಲೋನಿಡಿನ್ ಹಲವು ದಿನ ನಿಂತರೆ ಒತ್ತಡವೂ ಬಡಿತವೂ ಒಮ್ಮೆಲೇ ಏರಬಹುದು. ಪ್ರಾಜೋಸಿನ್ ನಿಂತಿದ್ದರೆ ಹಳೆಯ ಪ್ರಮಾಣದಿಂದಲೇ ಶುರುಮಾಡಿದಾಗ ಎದ್ದು ನಿಂತೊಡನೆ ಮೂರ್ಛೆ ಹೋಗಬಹುದು. ಅಂಥವರು ಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡು, ಕೊನೆಯ ಗುಳಿಗೆ ಯಾವ ದಿನ ತೆಗೆದುಕೊಂಡದ್ದು ಎಂಬುದನ್ನು ನೆನಪಿಟ್ಟುಕೊಂಡು, ಅದೇ ದಿನ ವೈದ್ಯರನ್ನು ಕಾಣಬೇಕು.