‘ರೀ’ ಅಂಟಿಸಿದರೆ ವಿಜಯಪುರ ಆಗುವುದಿಲ್ಲ

ಮುಂಬೈಯಲ್ಲಿ ನಡೆಯುವ ಕಥೆಯ ಒಂದು ಕನ್ನಡ ವೆಬ್ ಸರಣಿಗೆ ಸಂಭಾಷಣೆ ತಿದ್ದಿಕೊಡುವ ಕೆಲಸ ನನಗೆ ಬಂದಿತ್ತು. ಸ್ಕ್ರಿಪ್ಟ್ ಬೆಂಗಳೂರಿನಲ್ಲಿ ಬರೆದದ್ದು. ಮಾಟುಂಗಾದ ಹೋಟೆಲ್ ಮಾಲೀಕ ಉಡುಪಿ ಕಡೆಯ ಶೆಟ್ಟರು, ಅವರ ಕಟ್ಟಡದಲ್ಲಿ ಗಾರೆ ಕೆಲಸ ಮಾಡುವವನು ವಿಜಯಪುರ ಜಿಲ್ಲೆಯ ಇಂಡಿ ಕಡೆಯವನು, ಶೆಟ್ಟರ ಮಗಳು ಮುಂಬೈಯಲ್ಲೇ ಹುಟ್ಟಿ ಬೆಳೆದವಳು. ಕಾಗದದ ಮೇಲೆ ಮೂವರೂ ಜಯನಗರದಲ್ಲಿ ಹುಟ್ಟಿದವರ ಹಾಗೆ ಮಾತಾಡುತ್ತಿದ್ದರು.

ಗಾರೆಯವನು ಗಲ್ಲಾದ ಮುಂದೆ ನಿಂತು ಬಾಕಿ ಕೇಳುವ ಒಂದು ದೃಶ್ಯವಿದೆ. ಮೂಲದಲ್ಲಿ ಹೀಗಿತ್ತು: ‘ನಾಳೆ ಊರಿಗೆ ಹೋಗ್ತಾ ಇದೀನಿ ಸಾರ್. ಮಗಳಿಗೆ ಹುಷಾರಿಲ್ಲ. ಬಾಕಿ ದುಡ್ಡು ಕೊಟ್ಬಿಡಿ.’ ಪಾತ್ರ ಮಾಡುವ ಮೈಸೂರಿನ ನಟ ಚಿತ್ರೀಕರಣದಲ್ಲಿ ತಾನೇ ಒಂದಿಷ್ಟು ಬಣ್ಣ ಹಚ್ಚಿದ್ದ: ‘ನಾಳೆ ಊರಿಗೆ ಹೋಗ್ತಾ ಇದೀನ್ರಿ. ಮಗಳಿಗೆ ಹುಷಾರಿಲ್ರಿ. ಬಾಕಿ ದುಡ್ಡು ಕೊಟ್ಬಿಡ್ರಿ.’ ಇದು ಬೆಂಗಳೂರಿನ ಕನ್ನಡಕ್ಕೇ ಹಿಂದಿನಿಂದ ‘ರೀ’ ಅಂಟಿಸಿದ್ದು. ಉತ್ತರ ಕರ್ನಾಟಕದವರು ಇಂಥದ್ದನ್ನು ಕೇಳಿದ ಕೂಡಲೇ ನಗುತ್ತಾರೆ, ಅಥವಾ ಸಿಟ್ಟಾಗುತ್ತಾರೆ. ಹಾಸ್ಯ ಪಾತ್ರಗಳಲ್ಲಿ ಇದನ್ನೇ ಕೇಳಿ ಕೇಳಿ ಅವರಿಗೆ ಸಾಕಾಗಿದೆ.

ನಾನು ಮೊದಲು ಕೈಹಾಕುವುದು ಕ್ರಿಯಾಪದಕ್ಕೆ. ‘ರೊಕ್ಕ’, ‘ಲಗೂನ’, ‘ಭಾಳ’ ಎಂಬ ಶಬ್ದಗಳನ್ನು ಯಾರು ಬೇಕಾದರೂ ತಂದು ಹಾಕಬಹುದು. ಆದರೆ ಮಾತಿನ ಬಾಲ ‘ಹೋಗ್ತಾ ಇದೀನಿ’ ಎಂದಿರುವ ತನಕ ಆ ಮನುಷ್ಯ ಬೆಂಗಳೂರಿನವನೇ. ಹೊರಟವನು ಆ ಕಡೆ ‘ಹೊಂಟೀನಿ’ ಅನ್ನುತ್ತಾನೆ. ‘ಊರಿಗೆ’ ಎಂಬುದು ‘ಊರಿಗಿ’ ಆಗುತ್ತದೆ, ‘ಮನೆಯಲ್ಲಿ’ ಎಂಬುದು ‘ಮನ್ಯಾಗ’. ಇನ್ನೊಂದು ದೊಡ್ಡ ಗುರುತು ‘ಐತಿ’ ಮತ್ತು ‘ಅದ’. ಬಾಗಲಕೋಟೆ, ಗದಗ, ಬೆಳಗಾವಿ ಕಡೆ ‘ಐತಿ’ ಹೆಚ್ಚು. ಕಲಬುರಗಿ, ಬೀದರ, ಯಾದಗಿರಿ ಕಡೆ ‘ಅದ’. ವಿಜಯಪುರದಲ್ಲೂ ಇಂಡಿ, ಸಿಂದಗಿ ಕಡೆ ಹೋದಂತೆ ‘ಅದ’ ಜೋರಾಗುತ್ತದೆ. ಊರಷ್ಟೇ ಇದನ್ನು ತೀರ್ಮಾನಿಸುವುದಿಲ್ಲ. ಧಾರವಾಡದ ಬ್ರಾಹ್ಮಣರ ಮನೆಗಳಲ್ಲಿ ‘ಅದ’, ‘ಮಾಡ್ಲಿಕ್ಕತ್ತೀನಿ’ ಕೇಳುತ್ತವೆ, ಪಕ್ಕದ ಓಣಿಯಲ್ಲಿ ‘ಐತಿ’, ‘ಮಾಡಾಕತ್ತೀನಿ’. ಬೆಂಗಳೂರಿನಲ್ಲಿ ಕೂತು ಬರೆಯುವವರು ಎರಡನ್ನೂ ಒಂದೇ ಬಾಯಿಗೆ ತುರುಕುತ್ತಾರೆ. ಕೇಳುವವರಿಗೆ ಆಗ ಏನು ತಪ್ಪಿದೆ ಎಂದು ಹೇಳಲು ಬರದಿದ್ದರೂ ಈತ ತಮ್ಮವನಲ್ಲ ಎಂಬುದು ಮಾತ್ರ ಖಚಿತವಾಗಿಬಿಡುತ್ತದೆ.

ಅದಕ್ಕೇ ಪ್ರತಿ ಪಾತ್ರಕ್ಕೂ ಒಂದು ಹಾಳೆ ಇಡುತ್ತೇನೆ. ‘ಇದೆ’ಗೆ ಏನು, ‘ಮಾಡ್ತಾ ಇದೀನಿ’ಗೆ ಏನು, ‘-ಗೆ’ ಮತ್ತು ‘-ಅಲ್ಲಿ’ ಏನಾಗುತ್ತವೆ, ಯಾರನ್ನು ಹೇಗೆ ಕರೆಯುತ್ತಾನೆ, ಇಷ್ಟೇ. ಸರಣಿ ಮುಗಿಯುವ ತನಕ ಆ ಹಾಳೆ ಬಿಟ್ಟು ಹೋಗುವಂತಿಲ್ಲ.

ಗಾರೆಯವನ ಮಾತು ಕೊನೆಗೆ ಹೀಗಾಯಿತು: ‘ನಾಳಿಗಿ ಊರಿಗಿ ಹೊಂಟೀನಿ ನೋಡ್ರಿ. ಮಗಳಿಗಿ ಆರಾಮ ಇಲ್ರಿ, ಜ್ವರ ಬಂದಾವ. ಬಾಕಿ ರೊಕ್ಕ ಕೊಟ್ ಬಿಡ್ರಿ ಶೆಟ್ರ.’

ಇದರಲ್ಲಿ ‘ನೋಡ್ರಿ’ ಬಂದದ್ದು ತುಟಿಯ ಲೆಕ್ಕಕ್ಕೆ. ದೃಶ್ಯ ಆಗಲೇ ಚಿತ್ರೀಕರಣವಾಗಿತ್ತು, ತಿದ್ದುಪಡಿ ಎಲ್ಲ ಅಂಧೇರಿಯ ಡಬ್ಬಿಂಗ್ ಸ್ಟುಡಿಯೋದಲ್ಲಿ. ‘ಹೋಗ್ತಾ ಇದೀನ್ರಿ’ ಎಂದು ಬಾಯಿ ಆಡಿಸಿದ ಜಾಗದಲ್ಲಿ ಬರೀ ‘ಹೊಂಟೀನ್ರಿ’ ಎಂದರೆ ಮಾತು ಮುಗಿದ ಮೇಲೂ ತುಟಿ ಅಲುಗುತ್ತಿರುತ್ತದೆ. ‘ಹೊಂಟೀನಿ ನೋಡ್ರಿ’ ಆ ಉದ್ದಕ್ಕೆ ಸರಿಯಾಗಿ ಕೂರುತ್ತದೆ, ಆ ಕಡೆಯವರ ಬಾಯಲ್ಲಿ ಸಹಜವಾಗಿಯೂ ಬರುತ್ತದೆ. ತುಟಿ ಮುಚ್ಚುವ ಪ, ಬ, ಮ ಅಕ್ಷರಗಳನ್ನು ಮಾತ್ರ ಇದ್ದಲ್ಲೇ ಉಳಿಸಿಕೊಳ್ಳಬೇಕು. ಹಾಗಾಗಿ ‘ಮಗಳಿಗಿ’ಯ ಮ, ‘ಬಾಕಿ’, ‘ಬಿಡ್ರಿ’ಗಳ ಬ ಕದಲಲಿಲ್ಲ. ‘ದುಡ್ಡು’ ಹೋಗಿ ‘ರೊಕ್ಕ’ ಬಂದರೆ ತುಟಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ‘ಜ್ವರ ಬಂದಾವ’ ಮತ್ತು ಕೊನೆಯ ‘ಶೆಟ್ರ’ಗೆ ಮಾತ್ರ ಜಾಗವಿರಲಿಲ್ಲ, ಅದೃಷ್ಟಕ್ಕೆ ಆ ಎರಡೂ ಕಡೆ ಕ್ಯಾಮೆರಾ ಶೆಟ್ಟರ ಮುಖದ ಮೇಲಿತ್ತು.

‘ಜ್ವರ ಬಂದಾವ’ ಬೇಕಾದದ್ದಕ್ಕೆ ಬೇರೆ ಕಾರಣವಿದೆ. ಮಂಡ್ಯದ ನಮ್ಮ ಅತ್ತಿಗೆಗೆ ಬರೀ ‘ಆರಾಮ ಇಲ್ರಿ’ ಕೇಳಿಸಿದಾಗ ಮಗಳಿಗೆ ಮನೆಯಲ್ಲಿ ಬಿಡುವೇ ಇಲ್ಲ, ಕೆಲಸ ಜಾಸ್ತಿ ಎಂದುಕೊಂಡರು. ಹಾಗಂತ ‘ಹುಷಾರಿಲ್ಲ’ಕ್ಕೆ ವಾಪಸು ಹೋದರೆ ಇಂಡಿ ಕೈತಪ್ಪುತ್ತದೆ. ಆದ್ದರಿಂದ ಅವರ ಶಬ್ದವನ್ನು ಬಿಡದೆ, ಪಕ್ಕದಲ್ಲೇ ಎಲ್ಲರಿಗೂ ತಿಳಿಯುವ ಒಂದನ್ನು ಇಡುತ್ತೇನೆ. ಒಂದು ಮಾತಿನಲ್ಲಿ ದಕ್ಷಿಣದವರಿಗೆ ತಿಳಿಯದ ಶಬ್ದ ಒಂದಕ್ಕಿಂತ ಹೆಚ್ಚು ಇರಬಾರದು ಎಂಬುದು ನಾನೇ ಹಾಕಿಕೊಂಡ ಮಿತಿ. ವ್ಯಾಕರಣ ಎಷ್ಟು ದಟ್ಟವಾಗಿದ್ದರೂ ನೋಡುವವರು ಹಿಂದೆ ಬೀಳುವುದಿಲ್ಲ. ಶಬ್ದ ದಟ್ಟವಾದರೆ ರಿಮೋಟ್ ಹುಡುಕುತ್ತಾರೆ.

ಅದೇ ಮನುಷ್ಯ ಮುಂದಿನ ದೃಶ್ಯದಲ್ಲಿ ಹೆಂಡತಿಗೆ ಫೋನ್ ಮಾಡುತ್ತಾನೆ. ಅಲ್ಲಿ ‘ರೀ’ ಪೂರ್ತಿ ಹೋಗಬೇಕು: ‘ನಾಳಿಗಿ ಹೊಂಡ್ತೀನಿ. ನೀ ಲಗೂನ ಹುಡುಗೀನ ದವಾಖಾನಿಗಿ ಕರ್ಕೊಂಡ್ ಹೋಗು.’ ಶೆಟ್ಟರ ಮುಂದೆ ಸ್ವಲ್ಪ ಬಿಗಿಹಿಡಿದಿದ್ದ ಮಾತು ಮನೆಯವರ ಹತ್ತಿರ ಸಡಿಲವಾಗುತ್ತದೆ, ವೇಗವೂ ಏರುತ್ತದೆ. ನಟನಿಗೆ ಇದನ್ನು ಬರಹದಲ್ಲಿ ಕೊಟ್ಟರೆ ‘ನಾಳಿಗಿ’ಯ ‘ಗಿ’ಯನ್ನು ಒತ್ತಿ ಒತ್ತಿ ಓದುತ್ತಾನೆ. ಹಾಗಾಗಿ ಇಂಡಿಯವರೊಬ್ಬರ ಬಾಯಲ್ಲಿ ಹೇಳಿಸಿ ಧ್ವನಿಮುದ್ರಿಸಿ ಕಳಿಸಿದೆ, ಕೇಳಿ ಕಲಿಯಲಿ ಅಂತ.

ಶೆಟ್ಟರದು ಬೇರೆ ಸಮಸ್ಯೆ. ಅವರ ಬಾಯಿಗೆ ಸ್ಕ್ರಿಪ್ಟಿನಲ್ಲಿ ‘ಹ್ವಾಯ್’ ಎಂದು ಬರೆದಿದ್ದರು. ಅದು ಬ್ರಹ್ಮಾವರ ದಾಟಿ ಉತ್ತರಕ್ಕೆ ಹೋದರೆ ಸಿಗುವ ಕುಂದಾಪ್ರ ಕನ್ನಡದ್ದು. ನಮ್ಮ ಶೆಟ್ಟರ ಮನೆಮಾತು ತುಳು. ಅಂಥವರ ಕನ್ನಡ ಶಾಲೆಯಲ್ಲಿ ಕಲಿತದ್ದು, ಪುಸ್ತಕಕ್ಕೆ ಹತ್ತಿರ, ‘ಬರ್ತೇನೆ’, ‘ಹೇಳ್ತೇನೆ’ ಎಂಬಂಥದ್ದು. ‘ಮುಂದಿನ ವಾರ ಬಾ, ನೋಡೋಣ’ ಎಂಬುದನ್ನು ‘ಈಗ ಎಲ್ಲಿಂದ ಕೊಡುದು ಮಾರಾಯ? ಮುಂದಿನ ವಾರ ಬಾ, ನೋಡುವ’ ಎಂದು ಮಾಡಿದೆ. ಆ ‘ನೋಡುವ’ ಒಂದೇ ಸಾಕು. ‘ಮಾರಾಯ’ವನ್ನು ಸಾಲಿಗೊಂದು ಹಾಕುವ ಚಟ ಬಿಡಬೇಕು, ಅದು ಕರಾವಳಿಯವರ ‘ರೀ’.

ಮಗಳ ಜೊತೆ ಅವರು ನಿಜಕ್ಕೂ ಆಡುವುದು ತುಳುವೇ. ಕನ್ನಡ ಸರಣಿಯಲ್ಲಿ ಹಾಗೆ ಮಾಡಲಾಗುವುದಿಲ್ಲ. ‘ದಾನೆ ಮಗಾ?’ ಎಂದು ಶುರುಮಾಡಿ ಮುಂದಿನ ಮಾತಿಗೆ ಕನ್ನಡಕ್ಕೆ ಬಂದೆವು. ಹುಡುಗಿಯ ಮಾತು ಅಪ್ಪನ ಕನ್ನಡವೇ, ಸಿಟ್ಟು ಬಂದಾಗ ಮಾತ್ರ ಹಿಂದಿ.

ಪರೀಕ್ಷೆಗೆ ಚಿತ್ರ ತೋರಿಸುವುದಿಲ್ಲ, ಧ್ವನಿ ಮಾತ್ರ ಕೇಳಿಸುತ್ತೇನೆ. ‘ಸರಿ ಇದೆಯಾ?’ ಎಂದು ಕೇಳಿದರೆ ಎಲ್ಲರೂ ‘ಛಲೋ ಅದ’ ಅನ್ನುತ್ತಾರೆ. ‘ಇವ ಯಾವ ಊರಾವ?’ ಎಂದು ಕೇಳಬೇಕು. ಕೆಲಸಕ್ಕೆ ಕರೆಯುವವರಿಗಾಗಿ ಬೆಳಿಗ್ಗೆ ಜನ ಕಾಯುವ ನಾಕಾದಲ್ಲಿ ವಿಜಯಪುರ, ಕಲಬುರಗಿಯವರು ಸಿಗುತ್ತಾರೆ, ಮಾಟುಂಗಾದ ಹೋಟೆಲುಗಳಲ್ಲಿ ಉಡುಪಿಯವರು. ದಕ್ಷಿಣದವರಿಗೆ ವಾಟ್ಸಾಪ್. ಮೊದಲ ಸುತ್ತಿನಲ್ಲಿ ನಾಕಾದವರು ‘ಇಂವ ಹುಬ್ಬಳ್ಳಿ ಕಡ್ಯಾಂವ’ ಅಂದರು. ಹುಡುಕಿದರೆ, ನಟ ಒಂದು ಕಡೆ ‘ಅದ’ ಬಿಟ್ಟು ‘ಐತಿ’ ಅಂದಿದ್ದ. ಅದೊಂದನ್ನು ಮತ್ತೆ ಡಬ್ ಮಾಡಿಸಿ ಕೇಳಿಸಿದಾಗ ಒಬ್ಬರು ಇಂಡಿ ಅಂದರು, ಇನ್ನೊಬ್ಬರು ಅಕ್ಕಲಕೋಟ. ಅಕ್ಕಲಕೋಟ ಇರುವುದು ಮಹಾರಾಷ್ಟ್ರದ ಸೋಲಾಪುರ ಜಿಲ್ಲೆಯಲ್ಲಿ, ಆದರೆ ಗಡಿಯ ಆಚೀಚಿನ ಮಾತಿನಲ್ಲಿ ಅಂಥ ಅಂತರವಿಲ್ಲ. ಅಲ್ಲಿಗೆ ತಿದ್ದುವುದನ್ನು ನಿಲ್ಲಿಸಿದೆ.