ಮುಟ್ಟಾದಾಗ ಉಪ್ಪಿನಕಾಯಿ ಭರಣಿ ಮುಟ್ಟಿದರೆ ಏನಾಗುತ್ತದೆ?

ಮೊದಲ ದಿನವೇ ಸ್ನಾನ ಮಾಡಿದರೆ ಸ್ರಾವ ನಿಂತುಹೋಗುತ್ತದಾ?

ಇಲ್ಲ. ಗರ್ಭಕೋಶದ ಒಳಪದರ ಕಳಚಿ ಹೊರಬರುವುದೇ ಮುಟ್ಟು. ಅದನ್ನು ನಡೆಸುವುದು ಹಾರ್ಮೋನು, ಮೈಮೇಲೆ ಸುರಿದ ನೀರಲ್ಲ. ಹೊಟ್ಟೆ ಹಿಂಡುತ್ತಿದ್ದರೆ ಬಿಸಿನೀರಿನ ಸ್ನಾನದಿಂದ ಹಾಯೆನಿಸುತ್ತದೆ, ಯಾಕೆಂದರೆ ಬಿಸಿಗೆ ಬಿಗಿದ ಸ್ನಾಯು ಸಡಿಲವಾಗುತ್ತದೆ. ಆಮೇಲೂ ನೋವಿದ್ದರೆ ಬಿಸಿನೀರಿನ ಬ್ಯಾಗನ್ನು ಟವೆಲಿನಲ್ಲಿ ಸುತ್ತಿ, ಕಿಬ್ಬೊಟ್ಟೆಯ ಮೇಲೆ 15-20 ನಿಮಿಷ ಇಟ್ಟುಕೊಳ್ಳಿ. ಕೆಳಗೆ ಹೊರಭಾಗವನ್ನಷ್ಟೇ ತೊಳೆದರೆ ಸಾಕು, ಒಳಗೆ ಸೋಪು ಹಾಕಬೇಡಿ.

ತಲೆಗೆ ನೀರು ಹಾಕಿಕೊಳ್ಳಲು ನಾಲ್ಕನೇ ದಿನದವರೆಗೆ ಕಾಯಬೇಕಾ?

ಬೇಡ. ಕೂದಲ ಬುಡಕ್ಕೂ ಗರ್ಭಕೋಶಕ್ಕೂ ಸಂಬಂಧವೇ ಇಲ್ಲ. ಎಣ್ಣೆ, ಬೆವರು ಅನಿಸಿದ ದಿನ ತೊಳೆದು ಒಣಗಿಸಿಕೊಳ್ಳಿ.

ಮುಟ್ಟಾದವರು ಕೈ ಹಾಕಿದರೆ ಉಪ್ಪಿನಕಾಯಿ ಕೆಡುವುದನ್ನು ಕಣ್ಣಾರೆ ಕಂಡಿದ್ದೇವೆ ಅಂತಾರಲ್ಲ?

ಕೆಟ್ಟಿದ್ದು ನಿಜವಿರಬಹುದು, ಕಾರಣ ಬೇರೆ. ನಮ್ಮ ಮನೆಯಲ್ಲೂ ಒಮ್ಮೆ ಮಿಡಿ ಉಪ್ಪಿನಕಾಯಿಗೆ ಬೂಸ್ಟು ಬಂತು. ಆ ವಾರ ಮುಟ್ಟಾಗಿದ್ದ ಅತ್ತಿಗೆಯ ಮೇಲೆ ತಪ್ಪು ಬಿತ್ತು. ಪಾಪ, ಅವರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಭರಣಿ ಬಗ್ಗಿಸಿ ನೋಡಿದರೆ ಬೂಸ್ಟು ಇದ್ದದ್ದು ರಸದಿಂದ ಮೇಲೆ ಎದ್ದು ನಿಂತ ಮಿಡಿಗಳ ಮೇಲೆ ಮಾತ್ರ. ರಸದಲ್ಲಿ ಮುಳುಗಿದ್ದವು ಗಟ್ಟಿಯಾಗಿಯೇ ಇದ್ದವು. ಮುಚ್ಚಳದ ಒಳಗೆ ನೀರಹನಿ ಕೂತಿತ್ತು, ತೊಳೆದ ಸೌಟನ್ನು ಯಾರೋ ಒರೆಸದೆ ಹಾಕಿದ್ದರು.

ಬೂಸ್ಟಿಗೆ ಬೇಕಾದದ್ದು ಗಾಳಿ ಮತ್ತು ತೇವ. ನೀರು ಸೇರಿದ ಕಡೆ ಉಪ್ಪಿನ ಬಲ ಕಡಿಮೆಯಾಗುತ್ತದೆ, ಬೂಸ್ಟು ಅಲ್ಲೇ ಹಿಡಿಯುತ್ತದೆ. ಹಾಗಾಗಿ ಭರಣಿಯನ್ನು ತೊಳೆದು ಬಿಸಿಲಲ್ಲಿ ಪೂರ್ತಿ ಒಣಗಿಸಿ. ಕೈ ತೊಳೆದು, ಒರೆಸಿಕೊಂಡು, ಒಣ ಸೌಟು ಹಾಕಿ. ತೆಗೆದಾದ ಮೇಲೆ ಉಳಿದ ಮಿಡಿಗಳು ರಸದಲ್ಲಿ ಮುಳುಗುವಂತೆ ಒತ್ತಿ ಮುಚ್ಚಿ. ಈ ಕ್ರಮ ಮನೆಯ ಗಂಡಸರಿಗೂ ಒಂದೇ.

ಅಂದಹಾಗೆ, ಈ ನಂಬಿಕೆ ನಮ್ಮಲ್ಲಿ ಮಾತ್ರ ಇದ್ದದ್ದಲ್ಲ. 1920ರಲ್ಲಿ ವಿಯೆನ್ನಾದ ವೈದ್ಯ ಬೇಲಾ ಶಿಕ್, ಮುಟ್ಟಾದವರ ಮೈಯಿಂದ ಹೂ ಬಾಡಿಸುವ ವಿಷ ಬರುತ್ತದೆ ಎಂದು ಬರೆದಿದ್ದರು. ಅಂಥ ವಿಷವಿದೆ ಎಂಬುದು ಸಾಬೀತಾಗಲೇ ಇಲ್ಲ.

ಉಪ್ಪಿನಕಾಯಿ ತಿನ್ನಬಹುದಾ?

ತಿನ್ನಬಹುದು. ಮುಟ್ಟಿನ ಮುಂಚೆ ಹೊಟ್ಟೆ ಉಬ್ಬರಿಸುವವರು ಉಪ್ಪು ಜಾಸ್ತಿಯಾಗದಂತೆ ನೋಡಿಕೊಂಡರೆ ಸಾಕು.

ವ್ಯಾಯಾಮ?

ಸುಮ್ನೆ ಮಲಗಿರಲೇಬೇಕು ಎಂದೇನಿಲ್ಲ. ನಿಯಮಿತವಾಗಿ ವ್ಯಾಯಾಮ ಮಾಡುವವರಿಗೆ ಎಷ್ಟೋ ಸಲ ಮುಟ್ಟಿನ ನೋವೇ ಕಡಿಮೆಯಾಗುತ್ತದೆ. ಮೊದಲ ದಿನ 10 ನಿಮಿಷ ನಿಧಾನವಾಗಿ ನಡೆಯಿರಿ. ಹಗುರ ಅನಿಸಿದರೆ ಮುಂದುವರಿಸಿ, ತಲೆ ಸುತ್ತಿದರೆ ಕೂತುಬಿಡಿ. ಗಂಟೆಗೊಂದು ಪ್ಯಾಡ್ ತೊಯ್ಯುತ್ತಿದ್ದರೆ, ಸ್ರಾವ 7 ದಿನ ದಾಟಿದರೆ, ನೋವಿನಿಂದ ಶಾಲೆ ಅಥವಾ ಕೆಲಸ ತಪ್ಪುತ್ತಿದ್ದರೆ ವೈದ್ಯರಿಗೆ ತೋರಿಸಿ. ಯಾವ ದಿನ ಎಷ್ಟು ಪ್ಯಾಡ್ ಬದಲಿಸಿದಿರಿ ಎಂದು ಬರೆದುಕೊಂಡು ಹೋದರೆ ಅವರಿಗೆ ಬೇಗ ಅರ್ಥವಾಗುತ್ತದೆ.