ಬೋನಸ್ ಆಸೆ ತೋರಿಸಿ ಪಾಲಿಸಿ ಮಾರಿದರೇ? ಹೆಡ್ ಆಫೀಸಿಗೆ ಹೀಗೆ ಬರೆಯಿರಿ

ಜೀವ ವಿಮೆಯ ಪಾಲಿಸಿ ಬಾಂಡ್ ಕೈಗೆ ಬಂದು ಇನ್ನೂ 30 ದಿನ ಆಗಿಲ್ಲವೇ? ಹಾಗಿದ್ದರೆ ದೂರು ಬೇಕಿಲ್ಲ, ಪಾಲಿಸಿ ಬೇಡವೆಂದು ಬರೆದುಕೊಟ್ಟು ವಾಪಸ್ ಮಾಡಿ. ಸಣ್ಣಪುಟ್ಟ ಖರ್ಚು ಕಳೆದು ಹಣ ಬರುತ್ತದೆ. ಆ ಅವಧಿ ಮುಗಿದಿದ್ದರೆ ಪತ್ರವೇ ದಾರಿ.

ಹೆಚ್ಚಿನವರು "ಬೋನಸ್ ಕಡಿಮೆ ಬಂತು" ಎಂದು ಬರೆಯುತ್ತಾರೆ. ಮುಂದಿನ ವರ್ಷಗಳ ಬೋನಸ್‌ಗೆ ಗ್ಯಾರಂಟಿ ಇಲ್ಲ ಎಂಬ ಒಂದೇ ಸಾಲಿನ ಉತ್ತರ ಬರುತ್ತದೆ, ಅಷ್ಟೇ. ನಿಮ್ಮ ದೂರು ಅದಲ್ಲ. ಪಾಲಿಸಿಯಲ್ಲಿ ಇಲ್ಲದ್ದನ್ನು ಹೇಳಿ ಮಾರಿದ್ದಾರೆ ಅನ್ನೋದು ನಿಮ್ಮ ದೂರು.

ಬರೆಯುವ ಮೊದಲು ಲೆಕ್ಕ ಹಾಕಿ. ವಿಮಾ ಮೊತ್ತ 5 ಲಕ್ಷ, ಅವಧಿ 20 ವರ್ಷ, ಬೋನಸ್ ವರ್ಷಕ್ಕೆ ವಿಮಾ ಮೊತ್ತದ ಸಾವಿರಕ್ಕೆ 45 ರೂಪಾಯಿ ಎಂದುಕೊಳ್ಳಿ. ವರ್ಷಕ್ಕೆ 22,500 ರೂಪಾಯಿ ಆಯಿತು. ಸಾಮಾನ್ಯ ಬೋನಸ್ ಪಾಲಿಸಿಯಲ್ಲಿ ಇದಕ್ಕೆ ಚಕ್ರಬಡ್ಡಿ ಇಲ್ಲ, ಸಾಮಾನ್ಯವಾಗಿ ಕೈಗೆ ಸಿಗುವುದೂ ಅವಧಿ ಮುಗಿದಾಗ ಅಥವಾ ವಿಮೆದಾರರು ತೀರಿಕೊಂಡಾಗಲೇ. ಇದೇ ದರ 20 ವರ್ಷ ಉಳಿದರೂ ಬೋನಸ್ 4.5 ಲಕ್ಷ, ಒಟ್ಟು 9.5 ಲಕ್ಷ. ಏಜೆಂಟ್ ಚೀಟಿಯಲ್ಲಿ 18 ಲಕ್ಷ ಬರೆದುಕೊಟ್ಟಿದ್ದರೆ ಆ ಚೀಟಿಯೇ ನಿಮ್ಮ ಸಾಕ್ಷಿ. ವಾಟ್ಸ್ಆ್ಯಪ್ ಮೆಸೇಜ್ ಇದ್ದರೆ ಸ್ಕ್ರೀನ್‌ಶಾಟ್ ತೆಗೆದಿಡಿ.

ಇನ್ನೊಂದು ಕಾಗದ ಹುಡುಕಿ: ಬೆನಿಫಿಟ್ ಇಲ್ಲಸ್ಟ್ರೇಷನ್, ಅಂದರೆ ಮುಂದೆ ಎಷ್ಟು ಹಣ ಬರಬಹುದು ಎಂದು ಕಂಪನಿ ಕೊಡುವ ಅಂದಾಜು ಪಟ್ಟಿ. ಅದರಲ್ಲಿ ಕಂಪನಿಯ ಹೂಡಿಕೆಗೆ ಶೇ 4 ಮತ್ತು ಶೇ 8ರ ಗಳಿಕೆ ಬಂದರೆ ಎಂಬ ಅಂದಾಜು ಇರುತ್ತದೆ. ಶೇ 8 ಎಂದರೆ ನಿಮಗೆ ಬರುವ ಬಡ್ಡಿಯಲ್ಲ, ಖರ್ಚು ಕಳೆಯುವ ಮೊದಲಿನ ಊಹೆ ಮಾತ್ರ. ಅದಕ್ಕೆ ನಿಮ್ಮ ಸಹಿ ಹಾಕಿಸಿಲ್ಲದಿದ್ದರೆ ಅಥವಾ ಪ್ರತಿ ಕೊಟ್ಟಿಲ್ಲದಿದ್ದರೆ ಪತ್ರದಲ್ಲಿ ತಪ್ಪದೆ ಹೇಳಿ. ಸಹಿ ಹಾಕಿದ್ದರೆ ಮುಚ್ಚಿಡಬೇಡಿ. ಓದಲು ಬಿಟ್ಟರಾ, ಯಾವ ಭಾಷೆಯಲ್ಲಿ ವಿವರಿಸಿದರು ಅಂತ ಬರೆಯಿರಿ.

ಪತ್ರ ಒಂದು ಪುಟ ಸಾಕು. ಹೆಡ್ ಆಫೀಸಿನ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ಪಾಲಿಸಿ ನಂಬರ್, ಏಜೆಂಟ್ ಕೋಡ್ ಮೇಲೆಯೇ ಇರಲಿ. ಮುಖ್ಯ ಭಾಗ ಹೀಗಿರಬಹುದು:

"ಈ ದಿನಾಂಕದಂದು ನಿಮ್ಮ ಏಜೆಂಟ್ ನಮ್ಮ ಮನೆಗೆ ಬಂದು, 20 ವರ್ಷಕ್ಕೆ 18 ಲಕ್ಷ ಖಚಿತ ಎಂದು ಬರೆದುಕೊಟ್ಟರು (ಪ್ರತಿ ಲಗತ್ತಿಸಿದೆ). ಪಾಲಿಸಿಯಲ್ಲಿ ಇಂಥ ಭರವಸೆ ಇಲ್ಲ. ಈ ಮಾತು ನಂಬಿಯೇ ಪಾಲಿಸಿ ಕೊಂಡಿದ್ದೇನೆ. ಪಾಲಿಸಿ ರದ್ದು ಮಾಡಿ, ಕಟ್ಟಿದ ಪೂರ್ತಿ ಪ್ರೀಮಿಯಂ ಹಿಂದಿರುಗಿಸಿ."

ಏಜೆಂಟ್‌ಗೆ ಬೈಯುವ ಒಂದು ಮಾತೂ ಬೇಡ. ಏನು ಬೇಕು ಅನ್ನೋದನ್ನು ಮಾತ್ರ ಸ್ಪಷ್ಟವಾಗಿ ಕೇಳಿ. ಉತ್ತರ ಬರುವ ಮೊದಲು ಸಿಟ್ಟಿನಲ್ಲಿ ಪಾಲಿಸಿ ಸರೆಂಡರ್ ಮಾಡಬೇಡಿ, ಅಂದರೆ ಅವಧಿಗೆ ಮೊದಲೇ ಮುರಿಸಬೇಡಿ. ಸರೆಂಡರ್ ಮಾಡಿದರೆ ಕಟ್ಟಿದ್ದಕ್ಕಿಂತ ತುಂಬಾ ಕಡಿಮೆ ಕೈಗೆ ಬರಬಹುದು, ಆಮೇಲೆ ಪೂರ್ತಿ ಹಣ ಕೇಳುವುದೂ ಕಷ್ಟ.

ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಇಮೇಲ್ ಕೂಡ ಮಾಡಿ. ಒಂದು ತಿಂಗಳಾದರೂ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸರಿ ಅನ್ನಿಸದಿದ್ದರೆ ವಿಮೆಯ ದೂರುಗಳನ್ನು ವಿಚಾರಿಸುವ ವಿಮಾ ಒಂಬುಡ್ಸ್‌ಮನ್ ಬಳಿ ಹೋಗಬಹುದು. ಕರ್ನಾಟಕದವರಿಗೆ ಕಚೇರಿ ಬೆಂಗಳೂರಿನಲ್ಲಿದೆ. ಶುಲ್ಕವಿಲ್ಲ, ವಕೀಲರೂ ಬೇಡ. ಆದರೆ ಕಂಪನಿಯ ಉತ್ತರ ಬಂದ ಒಂದು ವರ್ಷದೊಳಗೆ ಹೋಗಬೇಕು, ಮತ್ತು ಅಲ್ಲಿ ಮೊದಲು ಕೇಳುವುದೇ ಹೆಡ್ ಆಫೀಸಿಗೆ ಬರೆದ ಈ ಪತ್ರವನ್ನು.